ಮ್ಯಾಕ್ಸಿಮಮ್ ಪ್ರಾಡಕ್ಟ್ ಸಬ್‌ಅರೇ: 24 ಬರಬೇಕಾದ ಕಡೆ 480 ಬರುತ್ತಿದೆ, ಎಲ್ಲಿ ತಪ್ಪಿದೆ?

ಹೊಸ_ಅಂಕಿ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ. ಒಂದು ಅರೇ ಕೊಟ್ಟಿರುತ್ತಾರೆ. ಅದರಲ್ಲಿ ಅಕ್ಕಪಕ್ಕ ಇರುವ ಸಂಖ್ಯೆಗಳ ಒಂದು ತುಂಡನ್ನು ಆರಿಸಿ ಗುಣಿಸಬೇಕು. ನಡುವೆ ಯಾವುದನ್ನೂ ಹಾರಿಸುವ ಹಾಗಿಲ್ಲ. ಹೀಗೆ ಸಿಗುವ ಅತಿ ದೊಡ್ಡ ಗುಣಲಬ್ಧ ಎಷ್ಟು ಅನ್ನೋದು ಪ್ರಶ್ನೆ. ನನ್ನ ಕೋಡ್ ಇದು:

```python
def max_product(a):
    mx = mn = ans = a[0]
    for x in a[1:]:
        mx = max(x, mx * x, mn * x)
        mn = min(x, mx * x, mn * x)
        ans = max(ans, mx)
    return ans
```

ಮೈನಸ್ ಸಂಖ್ಯೆ ಬಂದರೆ ಚಿಹ್ನೆ ತಿರುಗುತ್ತದೆ, ಅದಕ್ಕೇ ಅತಿ ದೊಡ್ಡದರ ಜೊತೆ ಅತಿ ಚಿಕ್ಕದನ್ನೂ ಇಟ್ಟುಕೊಳ್ಳಬೇಕು ಅಂತ ಓದಿದ್ದೇನೆ. ಹಾಗೇ ಮಾಡಿದ್ದೇನೆ. `[2, 3, -2, 4]` ಕೊಟ್ಟರೆ 6 ಬರುತ್ತದೆ, ಸರಿ. `[-2, 0, -1]` ಕೊಟ್ಟರೆ 0, ಅದೂ ಸರಿ. `[-2, 3, -4]` ಕೊಟ್ಟರೆ 24, ಸರಿ. ಆದರೆ `[2, -5, -2, -4, 3]` ಕೊಟ್ಟರೆ 480 ಬರುತ್ತಿದೆ. ಕೈಯಲ್ಲಿ ಲೆಕ್ಕ ಹಾಕಿದರೆ ಕೊನೆಯ ಮೂರು ಸಂಖ್ಯೆಗಳಿಂದ 24 ಬರುತ್ತದೆ, ಅದಕ್ಕಿಂತ ದೊಡ್ಡದು ನನಗೆ ಕಾಣಿಸುತ್ತಿಲ್ಲ. ದಯವಿಟ್ಟು ನೋಡಿ ಹೇಳಿ.

ಬೆಸ_ಸಮ

ಇಷ್ಟೆಲ್ಲ ಕಷ್ಟ ಯಾಕೆ? `mn` ಬೇಕಾಗೇ ಇಲ್ಲ. ಮೈನಸ್ ಸಂಖ್ಯೆಗಳು ಎಷ್ಟಿವೆ ಎಣಿಸಿ. ಸಮ ಇದ್ದರೆ ಎಲ್ಲವನ್ನೂ ಗುಣಿಸಿ, ಮೈನಸ್ ಮೈನಸ್ ಸೇರಿ ಪ್ಲಸ್ ಆಗುತ್ತದೆ. ಬೆಸ ಇದ್ದರೆ ಒಂದನ್ನು ಬಿಡಬೇಕು. ಚಿಹ್ನೆ ಬಿಟ್ಟು ನೋಡಿದಾಗ ಯಾವುದು ಚಿಕ್ಕದೋ ಅದನ್ನು ಬಿಡಿ. ನಿಮ್ಮ ಅರೇಯಲ್ಲಿ ಮೂರು ಮೈನಸ್ ಇವೆ. `-2` ಬಿಟ್ಟರೆ 2 × -5 × -4 × 3 = 120. ಉತ್ತರ 120 ಇರಬೇಕು, 24 ಅಲ್ಲ.

ಹೊಸ_ಅಂಕಿ

ಆದರೆ `-2` ನಡುವೆ ಇದೆಯಲ್ಲ ಸರ್. ಅದನ್ನು ಬಿಟ್ಟರೆ ತುಂಡು ಎರಡಾಗುತ್ತದೆ. ನಡುವೆ ಹಾರಿಸುವ ಹಾಗಿಲ್ಲ ಅಂತ ಪ್ರಶ್ನೆಯಲ್ಲೇ ಇದೆ.

ತುಂಗಾತೀರ

ಹೊಸ_ಅಂಕಿ, ನಿಮ್ಮ 24 ಸರಿ. ಬೆಸ_ಸಮ ಅವರ ಎಣಿಕೆಯ ಯೋಚನೆಯಲ್ಲೂ ಅರ್ಧ ಸತ್ಯ ಇದೆ. ಅದಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ 480.

ಕೋಡ್ ಒಳಗೆ ಇಳಿಯುವ ಮೊದಲು ಒಂದು ಪರೀಕ್ಷೆ ಮಾಡಿ. ಚಿಹ್ನೆಗಳನ್ನೆಲ್ಲ ಮರೆತು ಐದೂ ಸಂಖ್ಯೆಗಳನ್ನು ಗುಣಿಸಿ: 2 × 5 × 2 × 4 × 3 = 240. ಸೊನ್ನೆ ಇಲ್ಲದ ಪೂರ್ಣಾಂಕಗಳಲ್ಲಿ ಯಾವ ತುಂಡು ತೆಗೆದುಕೊಂಡರೂ ಇದನ್ನು ಮೀರಲು ಸಾಧ್ಯವೇ ಇಲ್ಲ. ನಿಮಗೆ 480 ಬಂದಿದೆ. ಅಂದರೆ ಕೋಡ್ ತಪ್ಪು ತುಂಡನ್ನು ಆರಿಸಿದ್ದಲ್ಲ, ಯಾವುದೋ ಒಂದು ಸಂಖ್ಯೆಯನ್ನು ಎರಡು ಸಲ ಗುಣಿಸಿದೆ. ಹುಡುಕಬೇಕಾದದ್ದು ಅದನ್ನೇ.

`x = -2` ಬರುವ ಹೊತ್ತಿಗೆ `mx = -5`, `mn = -10`. ಇಲ್ಲಿಯ ತನಕ ಎಲ್ಲ ಸರಿ ಇದೆ. ಈಗ ನಿಮ್ಮ ಮೊದಲ ಸಾಲು ಓಡುತ್ತದೆ. -2, 10, 20 ಇವುಗಳಲ್ಲಿ ದೊಡ್ಡದು 20. `mx` ಈಗ 20 ಆಯಿತು. ಇದೂ ಸರಿ. ಆಮೇಲೆ ಎರಡನೇ ಸಾಲು. ಅಲ್ಲಿ `mx * x` ಅಂತ ಬರೆದಿದ್ದೀರಿ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಹಳೆಯ `mx`, ಅಂದರೆ -5. ಆದರೆ ಆ ಹೆಸರಿನಲ್ಲಿ ಈಗ ಕೂತಿರುವುದು 20. ಆ 20 ರೊಳಗೆ ಈ `-2` ಆಗಲೇ ಸೇರಿಬಿಟ್ಟಿದೆ. ಅದನ್ನೇ ಮತ್ತೆ `-2` ರಿಂದ ಗುಣಿಸಿದರೆ -40. ನಿಜವಾಗಿ `mn` ಅಲ್ಲಿ -2 ಇರಬೇಕಿತ್ತು. ಮುಂದೆ `-4` ಬಂದಾಗ ಈ ಸುಳ್ಳು -40 ತಿರುಗಿ 160 ಆಗುತ್ತದೆ. ಕೊನೆಯ 3 ಬಂದಾಗ 480.

ಸರಿಪಡಿಸುವುದು ಒಂದೇ ಸಾಲು:

```python
mx, mn = max(x, mx * x, mn * x), min(x, mx * x, mn * x)
```

ಪೈಥಾನ್ ಬಲಗಡೆ ಇರುವುದನ್ನೆಲ್ಲ ಮೊದಲು ಲೆಕ್ಕ ಹಾಕುತ್ತದೆ, ಆಮೇಲೆ ಎಡಗಡೆ ಹೆಸರುಗಳಿಗೆ ಹಾಕುತ್ತದೆ. ಹಾಗಾಗಿ ಎರಡೂ ಕಡೆ ಹಳೆಯ ಬೆಲೆಯೇ ಬಳಕೆಯಾಗುತ್ತದೆ. ಬೇರೆ ಭಾಷೆಯಲ್ಲಿ ಬರೆಯುವಾಗ ಹಳೆಯ `mx` ಅನ್ನು ಇನ್ನೊಂದು ಹೆಸರಿನಲ್ಲಿ ಎತ್ತಿಟ್ಟುಕೊಳ್ಳಿ.

ಹೊಸ_ಅಂಕಿ

24 ಬಂತು ಅಕ್ಕ! ತುಂಬಾ ಥ್ಯಾಂಕ್ಸ್. ಆದರೆ ಒಂದು ಅರ್ಥ ಆಗಲಿಲ್ಲ. ಇಷ್ಟು ದೊಡ್ಡ ತಪ್ಪು ಇದ್ದರೂ ಮೊದಲ ಮೂರು ಉದಾಹರಣೆಗಳು ಹೇಗೆ ಪಾಸಾದವು?

ತುಂಗಾತೀರ

ಒಳ್ಳೆಯ ಪ್ರಶ್ನೆ. `x` ಧನ ಪೂರ್ಣಾಂಕ ಆಗಿದ್ದರೆ ಈ ತಪ್ಪು ಏನೂ ಹಾನಿ ಮಾಡುವುದಿಲ್ಲ, `mn` ಸರಿಯಾಗೇ ಬರುತ್ತದೆ. ಮೈನಸ್ ಬಂದಾಗ ಮಾತ್ರ `mn` ಕೆಡುತ್ತದೆ. ಕೆಟ್ಟ `mn` ಹೊರಗೆ ಕಾಣಿಸಬೇಕಾದರೆ ಮುಂದೆ ಇನ್ನೊಂದು ಮೈನಸ್ ಬಂದು ಅದನ್ನು ಮೇಲಕ್ಕೆ ತಿರುಗಿಸಬೇಕು. `[2, 3, -2, 4]` ನೋಡಿ. ಅಲ್ಲಿ `-2` ಹತ್ತಿರ ನಿಮ್ಮ `mn` -6 ಆಗಿತ್ತು, ಇರಬೇಕಾದ್ದು -12. ತಪ್ಪು ಆಗಲೇ ನಡೆದಿದೆ. ಆದರೆ ಆಮೇಲೆ ಮೈನಸ್ ಬರಲೇ ಇಲ್ಲ, ಅದು ಒಳಗೇ ಉಳಿದುಹೋಯಿತು. ಕೊನೆಯ 4 ತೆಗೆದು `-4` ಹಾಕಿ ನಿಮ್ಮ ಹಳೆಯ ಕೋಡ್ ಓಡಿಸಿ. 24 ಬರುತ್ತದೆ. ಸರಿಯಾದ ಉತ್ತರ 48.

ಅಂದರೆ ಅದೇ ತಪ್ಪು ಒಂದು ಕಡೆ ಉತ್ತರವನ್ನು ಹಿಗ್ಗಿಸುತ್ತದೆ, ಇನ್ನೊಂದು ಕಡೆ ಕುಗ್ಗಿಸುತ್ತದೆ. ಹಿಗ್ಗಿದರೆ 240 ರಂತಹ ಗಡಿ ದಾಟಿ ಸಿಕ್ಕಿಬೀಳಬಹುದು. ಕುಗ್ಗಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಅದಕ್ಕೇ ಈ ಲೆಕ್ಕಕ್ಕೆ ಪರೀಕ್ಷೆ ಬರೆಯುವಾಗ ಎರಡು ಮೈನಸ್ ಅಕ್ಕಪಕ್ಕ ಇರುವ ಒಂದು ಅರೇ, ಮೂರು ಮೈನಸ್ ಇರುವ ಒಂದು ಅರೇ ಹಾಕಲೇಬೇಕು. ಜೊತೆಗೆ ಎರಡು ಲೂಪ್ ಹಾಕಿ ಎಲ್ಲ ತುಂಡುಗಳನ್ನೂ ಗುಣಿಸುವ ನಿಧಾನದ ಕೋಡ್ ಒಂದನ್ನು ಬರೆದಿಟ್ಟುಕೊಳ್ಳಿ. -3 ರಿಂದ 3 ರ ಒಳಗಿನ ಸಂಖ್ಯೆಗಳಲ್ಲಿ ಐದಾರು ಉದ್ದದ ಅರೇಗಳನ್ನು ಸುಮ್ನೆ ರಾಂಡಮ್ ಆಗಿ ಮಾಡಿ ಎರಡನ್ನೂ ಹೋಲಿಸಿ. ಇಂತಹ ತಪ್ಪು ಕ್ಷಣದಲ್ಲಿ ಸಿಗುತ್ತದೆ.

ಮಳೆಗಾಲ_76

ನನ್ನದು ಇನ್ನೂ ಮೂಲದ ಪ್ರಶ್ನೆ. ಮೊತ್ತದ ಲೆಕ್ಕದಲ್ಲಿ, ಅದೇ ಕಡಾನೆ ವಿಧಾನದಲ್ಲಿ, ಒಂದೇ ಒಂದು ಸಂಖ್ಯೆ ಇಟ್ಟುಕೊಂಡರೆ ಸಾಕಾಗುತ್ತದೆ. ಇಲ್ಲಿ ಎರಡು ಯಾಕೆ ಅನ್ನೋದು ಗೊತ್ತಾಯಿತು. ಆದರೆ ಎರಡೇ ಸಾಕು ಅಂತ ಹೇಗೆ ಗೊತ್ತು? ನಡುವಿನ ಯಾವುದೋ ಒಂದು ಗುಣಲಬ್ಧ ಮುಂದೆ ಗೆಲ್ಲಬಹುದಲ್ವಾ?

ಲೆಕ್ಕದ_ಮೇಷ್ಟ್ರು

ಇದಕ್ಕೆ ನಾನು ಉತ್ತರಿಸುತ್ತೇನೆ. ತರಗತಿಯಲ್ಲಿ ಇದನ್ನು ಹಗ್ಗ ಹಿಡಿದು ತೋರಿಸುತ್ತೇನೆ.

ಈ ಜಾಗದಲ್ಲಿ ಕೊನೆಗೊಳ್ಳುವ ತುಂಡುಗಳನ್ನೆಲ್ಲ ತೆಗೆದುಕೊಳ್ಳಿ. ಒಂದು ಸಂಖ್ಯೆಯದು, ಎರಡು ಸಂಖ್ಯೆಯದು, ಹೀಗೆ ಮೊದಲಿನಿಂದ ಬರುವುದರ ತನಕ. ಪ್ರತಿಯೊಂದರ ಗುಣಲಬ್ಧವನ್ನು ಹಗ್ಗದ ಮೇಲೆ ಒಂದೊಂದು ಗಂಟು ಅಂದುಕೊಳ್ಳಿ. ಎಡ ತುದಿಯ ಗಂಟು ಅತಿ ಚಿಕ್ಕದು, ಬಲ ತುದಿಯದು ಅತಿ ದೊಡ್ಡದು. ಈಗ ಹೊಸ ಸಂಖ್ಯೆ ಬಂತು.

ಕೂಡುವ ಲೆಕ್ಕವಾದರೆ ಇಡೀ ಹಗ್ಗ ಎಡಕ್ಕೋ ಬಲಕ್ಕೋ ಜರುಗುತ್ತದೆ, ಅಷ್ಟೆ. ಗಂಟುಗಳ ಸಾಲು ಬದಲಾಗುವುದಿಲ್ಲ. ದೊಡ್ಡದಿದ್ದದ್ದು ದೊಡ್ಡದಾಗೇ ಉಳಿಯುತ್ತದೆ. ಹಾಗಾಗಿ ಬಲ ತುದಿ ಒಂದನ್ನು ಹಿಡಿದರೆ ಸಾಕು. ಗುಣಿಸುವ ಲೆಕ್ಕದಲ್ಲಿ ಪ್ಲಸ್ ಸಂಖ್ಯೆ ಬಂದರೆ ಹಗ್ಗ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಸಾಲು ಹಾಗೇ ಇರುತ್ತದೆ. ಮೈನಸ್ ಬಂದರೆ ಹಗ್ಗ ಸೊನ್ನೆಯ ಸುತ್ತ ತಿರುಗಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗುತ್ತದೆ. ಸಾಲು ಪೂರ್ತಿ ಹಿಂದುಮುಂದು ಆಗುತ್ತದೆ. ಆದರೆ ನಡುವಿನ ಗಂಟು ನಡುವೆಯೇ ಇರುತ್ತದೆ. ಅದು ಯಾವತ್ತೂ ತುದಿಗಿಂತ ಆಚೆ ಹೋಗುವುದಿಲ್ಲ. ಸೊನ್ನೆ ಬಂದರೆ ಎಲ್ಲ ಗಂಟುಗಳೂ ಒಂದೇ ಕಡೆ ಸೇರುತ್ತವೆ. ಅದಕ್ಕೇ ಎರಡು ತುದಿ ಹಿಡಿದರೆ ಸಾಕು. ಮೂರನೆಯದು ಬೇಕಾಗುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ಹೊಸದಾಗಿ ಸೇರುವ ಗಂಟು ಒಂದೇ, ಅದು `x` ತಾನೊಬ್ಬನೇ ಇರುವ ತುಂಡು. ಅದಕ್ಕೇ ಕೋಡ್‌ನಲ್ಲಿ ಮೂರು ಅಭ್ಯರ್ಥಿಗಳು.

ಮೊತ್ತದ ಲೆಕ್ಕದ ಮೂಲವೂ ಚೆನ್ನಾಗಿದೆ. 1977 ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಉಲ್ಫ್ ಗ್ರೆನಾಂಡರ್ ಚಿತ್ರಗಳಲ್ಲಿ ವಿನ್ಯಾಸ ಗುರುತಿಸುವ ಕೆಲಸಕ್ಕಾಗಿ ಅದನ್ನು ಎತ್ತಿಕೊಂಡರು. ಜೇ ಕಡಾನೆ ಸಂಖ್ಯಾಶಾಸ್ತ್ರದವರು. ಒಂದು ಸೆಮಿನಾರಿನಲ್ಲಿ ಈ ಪ್ರಶ್ನೆಯನ್ನು ಕೇಳಿಸಿಕೊಂಡು ಅಲ್ಲೇ ಒಂದೇ ಸುತ್ತಿನ ವಿಧಾನ ಹೇಳಿದರು. ಅಲ್ಲಿ ಇದ್ದದ್ದು ಕೂಡುವುದು. ಮೈನಸ್ ಸಂಖ್ಯೆ ಕೂಡಿದರೆ ಸಾಲು ತಿರುಗುವುದಿಲ್ಲ, ಆದ್ದರಿಂದ ಅವರಿಗೆ ಎರಡನೇ ತುದಿ ಬೇಕಾಗಲಿಲ್ಲ.

ಮಳೆಗಾಲ_76

ಮೇಷ್ಟ್ರೇ, ಹಗ್ಗದ ಮಾತಿನಿಂದ ಪೂರ್ತಿ ತಿಳಿಯಿತು. ಒಂದು ಸಣ್ಣ ಅನುಮಾನ ಉಳಿದಿದೆ. `[2, 0, -3, -4]` ಕೈಯಲ್ಲಿ ಮಾಡಿದೆ. `-3` ಹತ್ತಿರ `mx` 0 ಆಗುತ್ತದೆ. ಅಲ್ಲಿ -3 ಅಲ್ವಾ ಇರಬೇಕಿದ್ದದ್ದು? ಸೊನ್ನೆ ದಾಟಿದ ಮೇಲೆ ಹೊಸದಾಗಿ ಶುರು ಮಾಡಬೇಕು ಅಂದುಕೊಂಡಿದ್ದೆ.

ಲೆಕ್ಕದ_ಮೇಷ್ಟ್ರು

0 ಸರಿ. `-3` ರಲ್ಲಿ ಮುಗಿಯುವ ತುಂಡುಗಳಲ್ಲಿ `[0, -3]` ಕೂಡ ಒಂದು, ಅದರ ಗುಣಲಬ್ಧ 0. ಅದು -3 ಕ್ಕಿಂತ ದೊಡ್ಡದು. ಅದೇ ಹೊತ್ತಿಗೆ `mn` -3 ಆಗಿರುತ್ತದೆ. ಮುಂದೆ `-4` ಬಂದಾಗ ಆ -3 ತಿರುಗಿ 12 ಆಗುತ್ತದೆ. ಹೊಸ ಶುರು ತಾನಾಗೇ ಆಗುತ್ತದೆ, ಬೇರೆ `if` ಬರೆಯಬೇಕಿಲ್ಲ.

ಷೇರು_ಸಂತೆ

ನನ್ನ ಪ್ರಶ್ನೆಯೂ ಇದೇ ಅಂದುಕೊಂಡು ಬಂದೆ. ನನ್ನ ಹತ್ತಿರ ಒಂದು ಷೇರಿನ ದಿನದಿನದ ಏರಿಳಿತ ಶೇಕಡಾದಲ್ಲಿ ಇದೆ. ಐದು ದಿನದ್ದು 4, -2, 3, -1, 5. ಯಾವ ದಿನ ಕೊಂಡು ಯಾವ ದಿನ ಮಾರಿದ್ದರೆ ಹೆಚ್ಚು ಲಾಭ ಅಂತ ನೋಡಬೇಕು. ಮೇಲಿನ ಸರಿಯಾದ ಕೋಡ್‌ಗೆ ಕೊಟ್ಟೆ. 120 ಬಂತು. ಅಂದರೆ ಶೇಕಡಾ 120 ಲಾಭವಾ? ನಂಬಲು ಆಗುತ್ತಿಲ್ಲ.

ತುಂಗಾತೀರ

ನಂಬಬೇಡಿ ಸರ್. ನಿಮ್ಮ ಲೆಕ್ಕಕ್ಕೆ ಈ ಮೈನಸ್ ಬೇರೆ ಜಾತಿಯದು. ಶೇಕಡಾ 2 ಇಳಿಯಿತು ಅಂದರೆ ನಿಮ್ಮ ಹಣವನ್ನು -2 ರಿಂದ ಗುಣಿಸುವುದಲ್ಲ, 0.98 ರಿಂದ ಗುಣಿಸುವುದು. ಎರಡು ದಿನ ಇಳಿದರೆ ಮೈನಸ್ ಮೈನಸ್ ಸೇರಿ ಲಾಭ ಆಗುವುದಿಲ್ಲವಲ್ಲ.

ನಿಮ್ಮ ಅರೇ ನಿಜವಾಗಿ `[1.04, 0.98, 1.03, 0.99, 1.05]`. ಇವನ್ನೆಲ್ಲ ಗುಣಿಸಿದರೆ ಸುಮಾರು 1.0912. 100 ರೂಪಾಯಿ 109 ರೂಪಾಯಿ 12 ಪೈಸೆ ಆಗುತ್ತದೆ. ಇಲ್ಲಿ ಐದೂ ದಿನ ಇಟ್ಟುಕೊಳ್ಳುವುದೇ ಉತ್ತಮ, ಯಾಕೆಂದರೆ ಇಳಿದ ದಿನಗಳ ನಷ್ಟಕ್ಕಿಂತ ಹಿಂದಿನ ಗಳಿಕೆ ಜಾಸ್ತಿ ಇದೆ. ಸಂಖ್ಯೆಗಳೆಲ್ಲ ಪ್ಲಸ್ ಆದ್ದರಿಂದ ನಿಮ್ಮ ಹಗ್ಗ ಯಾವತ್ತೂ ತಿರುಗುವುದಿಲ್ಲ. `mn` ನಿಮಗೆ ಬೇಕಾಗಿಲ್ಲ. ಲಾಗರಿದಮ್ ತೆಗೆದುಕೊಂಡರೆ ಗುಣಿಸುವುದು ಕೂಡುವುದಾಗುತ್ತದೆ, ಆಗ ನಿಮ್ಮದು ನೇರವಾಗಿ ಕಡಾನೆ ಲೆಕ್ಕವೇ.

ಷೇರು_ಸಂತೆ

ಓಹ್, ಹೌದು! ಶೇಕಡಾವನ್ನೇ ಗುಣಿಸುತ್ತಿದ್ದೆ. ತಿದ್ದಿಕೊಳ್ಳುತ್ತೇನೆ ಮೇಡಂ.

ಬೆಸ_ಸಮ

ನಾನು ನಿನ್ನೆ ಹೇಳಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಎಣಿಕೆಯ ದಾರಿ ಬಿಡಲು ಮನಸ್ಸಾಗಲಿಲ್ಲ, ರಾತ್ರಿ ಕೂತು ಸರಿ ಮಾಡಿದೆ. ಸೊನ್ನೆಗಳಲ್ಲಿ ಅರೇಯನ್ನು ಕತ್ತರಿಸಿ. ಒಂದು ಕತ್ತರಿಕೆಯೊಳಗೆ ಮೈನಸ್ ಸಮ ಇದ್ದರೆ ಪೂರ್ತಿ ತೆಗೆದುಕೊಳ್ಳಿ. ಬೆಸ ಇದ್ದರೆ ನಡುವಿನದನ್ನು ಬಿಡಲು ಆಗುವುದಿಲ್ಲ, ತುದಿಯಿಂದಲೇ ಕಡಿಯಬೇಕು. ಮೊದಲ ಮೈನಸ್ ತನಕ ಎಡದಿಂದ ಕಡಿಯಿರಿ, ಇಲ್ಲವೇ ಕೊನೆಯ ಮೈನಸ್‌ನಿಂದ ಬಲಕ್ಕೆ ಕಡಿಯಿರಿ. `[2, -5, -2, -4, 3]` ರಲ್ಲಿ ಎಡದಿಂದ ಕಡಿದರೆ ಉಳಿಯುವುದು -2, -4, 3, ಅಂದರೆ 24. ಬಲದಿಂದ ಕಡಿದರೆ 2, -5, -2, ಅಂದರೆ 20. ದೊಡ್ಡದು 24.

ಎರಡರಲ್ಲೂ ಉಳಿದ ತುಂಡು ಒಂದು ತುದಿಗೆ ಅಂಟಿಕೊಂಡೇ ಇರುತ್ತದೆ. ಹಾಗಾದರೆ ಎಡದಿಂದ ಒಂದು, ಬಲದಿಂದ ಒಂದು ಗುಣಿಸುತ್ತಾ ಹೋದರೆ ಸಾಕು:

```python
def by_ends(a):
    ans, p, s = a[0], 1, 1
    for i in range(len(a)):
        p = (p or 1) * a[i]
        s = (s or 1) * a[-1 - i]
        ans = max(ans, p, s)
    return ans
```

`mn` ಇಲ್ಲ, ಹಳೆಯದು ಹೊಸದು ಅನ್ನೋ ಗೊಂದಲವೂ ಇಲ್ಲ. ನನಗೆ ಇದೇ ಚೆಂದ ಕಾಣುತ್ತದೆ.

ತುಂಗಾತೀರ

ಬಹಳ ಚೆನ್ನಾಗಿದೆ. ಪೂರ್ಣಾಂಕಗಳಿಗೆ ಇದು ಪೂರ್ತಿ ಸರಿ. ಆದರೆ ಇದು ಒಂದು ಮಾತನ್ನು ಒಳಗೊಳಗೇ ನಂಬಿಕೊಂಡಿದೆ: ಇನ್ನೊಂದು ಸಂಖ್ಯೆ ಸೇರಿಸಿಕೊಂಡರೆ ಗಾತ್ರ ಯಾವತ್ತೂ ಕಡಿಮೆಯಾಗುವುದಿಲ್ಲ. ಪೂರ್ಣಾಂಕಗಳಲ್ಲಿ ಸೊನ್ನೆ ಬಿಟ್ಟರೆ ಅದು ನಿಜ. ದಶಮಾಂಶ ಬಂದರೆ ಅಲ್ಲ.

ಷೇರು_ಸಂತೆ ಅವರ ತರಹದ್ದೇ ಒಂದು ಅರೇ ಕೊಡಿ: `[0.98, 1.04, 1.05, 0.97]`. ಒಳ್ಳೆಯ ತುಂಡು ನಡುವಿನ ಎರಡು, 1.04 × 1.05 = 1.092. ಅದು ಯಾವ ತುದಿಗೂ ಅಂಟಿಲ್ಲ. ನಿಮ್ಮ ಕೋಡ್‌ಗೆ ಅದು ಕಾಣಿಸುವುದೇ ಇಲ್ಲ, ಸುಮಾರು 1.0702 ಕೊಡುತ್ತದೆ. ಎರಡು ತುದಿಯ ಹಗ್ಗಕ್ಕೆ ಈ ತೊಂದರೆ ಇಲ್ಲ. ಹಗ್ಗ ಕುಗ್ಗಿದರೂ ನಡುವಿನ ಗಂಟು ನಡುವೆಯೇ ಇರುತ್ತದಲ್ಲ.

ಬೆಸ_ಸಮ

ಇದನ್ನು ಯೋಚಿಸಿರಲಿಲ್ಲ. ಆದರೂ ಪ್ರಶ್ನೆಯಲ್ಲಿ ಪೂರ್ಣಾಂಕ ಅಂತ ಇದ್ದರೆ ನಾನು ನನ್ನದನ್ನೇ ಬರೆಯುತ್ತೇನೆ. ಓದುವವರಿಗೆ ಬೇಗ ತಿಳಿಯುತ್ತದೆ.

ಲೆಕ್ಕದ_ಮೇಷ್ಟ್ರು

ನನಗೆ ಹಾಗನ್ನಿಸುವುದಿಲ್ಲ. ನಿಮ್ಮ ಕೋಡ್ ಚಿಕ್ಕದು, ಆದರೆ ಯಾಕೆ ಸರಿ ಅಂತ ಹೇಳಲು ಸಮ ಬೆಸದ ಇಡೀ ವಾದ ಬೇಕು. ಅದು ಕೋಡ್‌ನಲ್ಲಿ ಎಲ್ಲೂ ಕಾಣಿಸುವುದಿಲ್ಲ. ನಾಳೆ ಯಾರೋ ಅದಕ್ಕೆ ದಶಮಾಂಶ ಕೊಟ್ಟರೆ ಅದು ಎಚ್ಚರಿಸದೆ ತಪ್ಪು ಉತ್ತರ ಕೊಡುತ್ತದೆ.

ಬೆಸ_ಸಮ

ಒಂದು ಸಾಲು ಕಾಮೆಂಟ್ ಬರೆದಿಟ್ಟರೆ ಸಾಕಲ್ವಾ ಮೇಷ್ಟ್ರೇ?

ಲೆಕ್ಕದ_ಮೇಷ್ಟ್ರು

ಕಾಮೆಂಟ್ ಓದುವವರು ಇದ್ದರೆ ಸಾಕು.

ನಡುರಾತ್ರಿ_ಜಾವಾ

ನನ್ನ ಅನುಭವ ಸೇರಿಸುತ್ತೇನೆ. ಹಳೆಯ `mx` ಎತ್ತಿಟ್ಟು ಸರಿಯಾಗೇ ಬರೆದಿದ್ದೆ. ಮೊದಲು ಒಂದು `-3`, ಅದರ ನಂತರ ಒಂಬತ್ತು ಸಲ `10` ಇರುವ ಅರೇ ಕೊಟ್ಟೆ. ಉತ್ತರ ಒಂಬತ್ತು ಹತ್ತುಗಳದ್ದು, ಅಂದರೆ 1000000000. `int` ಗೆ ಅದು ಹಿಡಿಸುತ್ತದೆ, ಮಿತಿ 2147483647. ಆದರೂ ನನಗೆ 1294967296 ಬಂತು. ಕೊನೆಯ ಅಂಕಿಗಳನ್ನು ನೋಡಿಯೇ ಏನೋ ಕೆಟ್ಟಿದೆ ಅನ್ನಿಸಿತು. ಮೂರು ಮತ್ತು ಹತ್ತುಗಳ ಗುಣಲಬ್ಧ ಸೊನ್ನೆಗಳ ಸಾಲಿನಲ್ಲೇ ಮುಗಿಯಬೇಕು, 7296 ರಲ್ಲಿ ಅಲ್ಲ.

ಕೊನೆಗೆ ಗೊತ್ತಾಯಿತು. ಉತ್ತರ ಮಿತಿಯೊಳಗೆ ಇತ್ತು, ಆದರೆ `mn` -3000000000 ಆಗಿ ಕೆಳಗಿನ ಮಿತಿ ದಾಟಿತ್ತು. `int` ಅದನ್ನು ಸುತ್ತಿ 1294967296 ಮಾಡಿತು, ಅಂದರೆ 4294967296 ರಲ್ಲಿ ಮೂರು ನೂರು ಕೋಟಿ ಕಳೆದದ್ದು. `mx` ಲೆಕ್ಕದಲ್ಲೂ `mn * x` ಒಬ್ಬ ಅಭ್ಯರ್ಥಿ. ಹಾಗಾಗಿ ಈ ಸುಳ್ಳು ಪ್ಲಸ್ ಸಂಖ್ಯೆಯೇ ಗೆದ್ದಿತು. `long` ಹಾಕಿದ ಮೇಲೆ ಸರಿಯಾಯಿತು. ಉತ್ತರ ಎಷ್ಟು ದೊಡ್ಡದು ಅಂತ ಮಾತ್ರ ನೋಡಿ ಟೈಪ್ ಆರಿಸಬೇಡಿ, `mn` ಎಷ್ಟು ಕೆಳಗೆ ಹೋಗಬಹುದು ಅನ್ನೋದನ್ನೂ ನೋಡಿ.

ತುಂಗಾತೀರ

ಇದು ತುಂಬಾ ಉಪಯೋಗದ ಮಾತು. `long` ಕೂಡ ಹತ್ತೊಂಬತ್ತು ಹತ್ತುಗಳಿಗೆ ತುಂಬಿಹೋಗುತ್ತದೆ, ಅದನ್ನೂ ನೆನಪಿಡಿ. ಪೈಥಾನ್‌ನಲ್ಲಿ ಸುತ್ತುವುದಿಲ್ಲ, ಆದರೆ ಸಾವಿರಾರು ಸಂಖ್ಯೆ ಗುಣಿಸಿದಾಗ ಅಂಕಿಗಳ ಉದ್ದ ಬೆಳೆದು ಪ್ರತಿ ಗುಣಾಕಾರವೂ ನಿಧಾನವಾಗುತ್ತದೆ.

ಹೊಸ_ಅಂಕಿ

ಈಗ ಮುಂದಿನ ಹೆಜ್ಜೆ ಇಟ್ಟೆ. ಉತ್ತರದ ಜೊತೆ ತುಂಡು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತಲೂ ಹೇಳಬೇಕು. `mx` ಗೆ ಒಂದು ಶುರು, `mn` ಗೆ ಒಂದು ಶುರು ಇಟ್ಟಿದ್ದೇನೆ. `x` ಮೈನಸ್ ಆದರೆ ಮೊದಲು ಎರಡನ್ನೂ ಅದಲುಬದಲು ಮಾಡುತ್ತೇನೆ, ಶುರುಗಳನ್ನೂ ಸೇರಿಸಿ:

```python
if x < 0:
    mx, mn = mn, mx
    mx_s, mn_s = mn_s, mx_s
```

ಆಮೇಲೆ `mx * x` ಮತ್ತು `x` ಹೋಲಿಸುತ್ತೇನೆ, `x` ಒಂದೇ ದೊಡ್ಡದಾದರೆ ಶುರು ಇಲ್ಲಿಗೇ ತರುತ್ತೇನೆ. `mn` ಗೂ ಹಾಗೇ. `[2, -5, -2, -4, 3]` ಗೆ 2 ರಿಂದ 4 ರ ತನಕ ಅಂತ ಬಂತು, ಸರಿ. ಆದರೆ `[-2, 0, -1]` ಗೆ 0 ರಿಂದ 1 ರ ತನಕ ಅನ್ನುತ್ತಿದೆ. ಸೊನ್ನೆ ಒಂದೇ ಸಾಕಿತ್ತಲ್ಲ?

ತುಂಗಾತೀರ

ಅದಲುಬದಲು ಸರಿಯಾಗಿದೆ, ಶುರುಗಳನ್ನು ಮರೆಯದೆ ಬದಲಿಸಿದ್ದೀರಿ. ಅಲ್ಲೇ ಜಾಸ್ತಿ ಜನ ಎಡವುವುದು. ನಿಮಗೆ ಬಂದದ್ದು ತಪ್ಪಲ್ಲ, `[-2, 0]` ದೂ 0, `[0]` ದೂ 0, `[0, -1]` ದೂ 0. ಎರಡೂ ಬೆಲೆ ಒಂದೇ ಆದಾಗ ನೀವು ಹಳೆಯ ಶುರುವನ್ನೇ ಇಟ್ಟುಕೊಂಡಿದ್ದೀರಿ. `x > mx * x` ಇರುವಲ್ಲಿ `x >= mx * x` ಮಾಡಿದರೆ ಇಲ್ಲಿ ಸೊನ್ನೆ ಒಂದೇ ಬರುತ್ತದೆ.

ಬೆಸ_ಸಮ

ಚಿಕ್ಕ ತುಂಡೇ ಕೊಡಬೇಕು ಅಂತ ಇದ್ದರೆ ಅಷ್ಟು ಸಾಕಾ? `[1, 6]` ಗೆ ಸರಿ. ಆದರೆ `[6, 1, 6, 6]`, `[-1, -1, 5]` ತರಹದವು ಎಲ್ಲ ಸೇರಿದಾಗ, ತಿರುಗುವ ಎರಡೂ ಶುರುಗಳಲ್ಲಿ ಯಾವಾಗಲೂ ಚಿಕ್ಕದೇ ಉಳಿಯುತ್ತದೆ ಅಂತ ನನಗೆ ಖಾತ್ರಿ ಇಲ್ಲ.

ಮಳೆಗಾಲ_76

ನನಗೆ ಉದ್ದದ ತುಂಡೇ ಬೇಕಾಗುತ್ತದೆ, ನನ್ನ ಕೆಲಸದಲ್ಲಿ. ಪ್ರಶ್ನೆ ಕೊಟ್ಟವರು ಯಾವುದು ಬೇಕು ಅಂತ ಹೇಳಿದ್ದಾರಾ?

ಹೊಸ_ಅಂಕಿ

ಹೇಳಿಲ್ಲ. ನಿಧಾನದ ಕೋಡ್‌ನಲ್ಲಿ ಚಿಕ್ಕದು, ಉದ್ದದ್ದು ಎರಡನ್ನೂ ಹುಡುಕುವ ಹಾಗೆ ಮಾಡಿ ರಾಂಡಮ್ ಅರೇಗಳ ಜೊತೆ ಹೋಲಿಸಲು ಬಿಟ್ಟಿದ್ದೇನೆ. ಎಲ್ಲಾದರೂ ಬೇರೆ ಬಂದರೆ ಆ ಅರೇಯನ್ನು ಇಲ್ಲೇ ಹಾಕುತ್ತೇನೆ.